ಟೆಸ್ಟ್ ರೈಡ್ ಕ್ಯಾಂಪ್‌ನ ಕ್ಯಾಪ್ಶನ್‌ನಲ್ಲಿ ರೇಂಜ್ ಬರೆಯುವುದು ಹೇಗೆ: ಬಾಗಲಕೋಟೆಯಲ್ಲಿ ಓಡಿಸಿ, ಅಳೆದು ಬರೆದ ಒಂದು ಸಾಲು

ಎಲೆಕ್ಟ್ರಿಕ್ ಸ್ಕೂಟರ್ ಮಾರುವವರು ಕ್ಯಾಂಪ್ ಹಾಕುವ ನಾಲ್ಕು ದಿನ ಮುಂಚೆ ಬ್ಯಾನರ್‌ಗೂ ವಾಟ್ಸಾಪ್‌ಗೂ ಒಂದು ಕ್ಯಾಪ್ಶನ್ ಬರೆಸುತ್ತಾರೆ. ಅಂಥದ್ದನ್ನು ಬರೆದುಕೊಡುವುದು ನನ್ನ ಕೆಲಸ. ಜಾಗ, ಸಮಯ, ಲೈಸೆನ್ಸ್ ತನ್ನಿ ಅನ್ನುವ ಮಾತು, ಇವೆಲ್ಲ ಸರಿಯಾಗಿಯೇ ಇರುತ್ತವೆ. ಎಲ್ಲರೂ ಎಡವುವುದು ಒಂದೇ ಸಾಲಿನಲ್ಲಿ: "ಒಂದು ಚಾರ್ಜ್‌ಗೆ 123 ಕಿ.ಮೀ. ವರೆಗೆ". ಪಕ್ಕದಲ್ಲೊಂದು ನಕ್ಷತ್ರದ ಗುರುತು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಷರತ್ತುಗಳು ಅನ್ವಯ".

ಅಂಥ ಸಾಲನ್ನು ನಾನೂ ಬರೆದಿದ್ದೆ. ಅದನ್ನು ಓದಿ ಗುಳೇದಗುಡ್ಡದ ನೇಕಾರರೊಬ್ಬರು ಗಾಡಿ ತೆಗೆದುಕೊಂಡರು. ಹಿಂದೆ ಹೆಂಡತಿ, ಕಾಲ ಹತ್ತಿರ ಖಣದ ಗಂಟು, ದಿನಾ ಬಾಗಲಕೋಟೆಗೆ ಬಂದು ಹೋಗುವುದು. ಮೂರನೇ ದಿನ ಸಂಜೆ ಅವರ ಫೋನ್ ಬಂತು: "ಸರ, ನೀವು ನೂರಾ ಇಪ್ಪತ್ತ ಅಂತ ಬರದಿದ್ರಿ. ನಾ ಈಗ ಗಾಡಿ ನೂಕ್ಕೋತ ಹೊಂಟೇನ್ರಿ." ಕಂಪನಿ ಕೊಟ್ಟ ಸಂಖ್ಯೆ ಸುಳ್ಳಾಗಿರಲಿಲ್ಲ. ಆ ಸಂಖ್ಯೆ ಯಾರಿಗೆ, ಯಾವ ಓಟಕ್ಕೆ ಸಲ್ಲುತ್ತದೆ ಅನ್ನುವುದನ್ನು ನಾನು ಬರೆದಿರಲಿಲ್ಲ. ಅವತ್ತಿನಿಂದ ಅಳೆಯದೆ ರೇಂಜ್ ಬರೆಯುವುದನ್ನು ಬಿಟ್ಟೆ. ಕೆಳಗಿರುವುದು ಆಮೇಲೆ ನಾನು ಹಿಡಿದ ಕ್ರಮ. ಇದಕ್ಕೆ ಎರಡರಿಂದ ನಾಲ್ಕು ದಿನ ಬೇಕು. ಆದ್ದರಿಂದ ಬ್ಯಾನರ್ ಪ್ರಿಂಟ್‌ಗೆ ಕೊಡುವುದಕ್ಕೆ ಒಂದು ವಾರ ಮುಂಚೆಯೇ ಶುರು ಮಾಡಿ.

## 1. ಮೊದಲು, ಕೈಯಲ್ಲಿರುವ ಸಂಖ್ಯೆ ಯಾವುದು ಅಂತ ತಿಳಿದುಕೊಳ್ಳಿ

ಕಂಪನಿಯ ಕಾಗದದಲ್ಲಿ ದಪ್ಪಗೆ ಕಾಣುವ ಸಂಖ್ಯೆ ಸಾಮಾನ್ಯವಾಗಿ ಸರ್ಟಿಫೈಡ್ ರೇಂಜ್. ಪಕ್ಕದಲ್ಲಿ ಐಡಿಸಿ ಅಂತ ಇರುತ್ತದೆ. ಐಡಿಸಿ ಅಂದರೆ ಇಂಡಿಯನ್ ಡ್ರೈವಿಂಗ್ ಸೈಕಲ್. ಇದನ್ನು ರಸ್ತೆಯಲ್ಲಿ ಅಳೆಯುವುದಿಲ್ಲ. ಪರೀಕ್ಷಾ ಕೇಂದ್ರದೊಳಗೆ ಗಾಡಿಯ ಚಕ್ರವನ್ನು ಉರುಳೆಯ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಲೆಕ್ಕದಂತೆ ವೇಗ ಏರಿಸಿ, ಇಳಿಸಿ, ನಿಲ್ಲಿಸಿ ಓಡಿಸುತ್ತಾರೆ. 108 ಸೆಕೆಂಡಿನ ಒಂದು ಸುತ್ತನ್ನೇ ಮತ್ತೆ ಮತ್ತೆ ಓಡಿಸುವುದು. ಇದರಲ್ಲಿ ಅತಿ ಹೆಚ್ಚಿನ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ವೇಗ ಸುಮಾರು 22 ಕಿ.ಮೀ.

ಈ ಎರಡು ಅಂಕಿಗಳನ್ನು ಇಟ್ಟುಕೊಂಡು ನವನಗರದ ಅಗಲವಾದ ರಸ್ತೆಗಳನ್ನು ನೆನೆಸಿಕೊಳ್ಳಿ. ಅಲ್ಲಿ 22ರ ಸರಾಸರಿಯಲ್ಲಿ ಯಾರು ಓಡಿಸುತ್ತಾರೆ? ಗದ್ದನಕೇರಿ ಕ್ರಾಸ್ ಕಡೆ ಹೊರಟರೆ 55ಕ್ಕಿಂತ ಕೆಳಗೆ ಮುಳ್ಳು ಇಳಿಯುವುದೇ ಇಲ್ಲ. ಗಾಳಿಯ ತಡೆ ವೇಗದ ಜೊತೆ ಸಮಸಮ ಏರುವುದಿಲ್ಲ, ಅದರ ವರ್ಗದಂತೆ ಏರುತ್ತದೆ. ವೇಗ 40ರಿಂದ 60ಕ್ಕೆ ಹೋದರೆ ಅದು ಒಂದೂವರೆ ಪಟ್ಟು, ಆದರೆ ಗಾಳಿಯ ತಡೆ ಎರಡೂಕಾಲು ಪಟ್ಟು. ರೇಂಜ್ ಕುಸಿಯಲು ದೊಡ್ಡ ಕಾರಣ ಇದೇ. ಬ್ಯಾಟರಿಯ ದೋಷವೂ ಅಲ್ಲ, ಕಂಪನಿಯ ಮೋಸವೂ ಅಲ್ಲ.

ಕೆಲವು ಕಂಪನಿಗಳು "ಟ್ರೂ ರೇಂಜ್", "ರಿಯಲ್ ರೇಂಜ್" ಅಂತ ಇನ್ನೊಂದು ಸಂಖ್ಯೆ ಕೊಡುತ್ತವೆ. ಇದು ಐಡಿಸಿಗಿಂತ ಕಡಿಮೆ ಇರುತ್ತದೆ, ನಿಜಕ್ಕೆ ಹತ್ತಿರವೂ ಇರುತ್ತದೆ. ಆದರೆ ಯಾವ ಮೋಡ್, ಎಷ್ಟು ಭಾರ, ಎಷ್ಟು ವೇಗ ಅಂತ ಜೊತೆಗೆ ಹೇಳದಿದ್ದರೆ ಇದೂ ಬರಿಯ ಸಂಖ್ಯೆಯೇ. ಮೂರನೆಯದು ನಮ್ಮೂರ ರಸ್ತೆಯಲ್ಲಿ ನಾವೇ ಅಳೆದದ್ದು. ಕ್ಯಾಪ್ಶನ್‌ಗೆ ಬೇಕಾಗಿರುವುದು ಇದು. ಮೂರನ್ನೂ ಒಂದು ಹಾಳೆಯಲ್ಲಿ ಬೇರೆ ಬೇರೆ ಬರೆದಿಡಿ, ಬೆರೆಸಬೇಡಿ.

ಇಲ್ಲಿ ಆಗುವ ತಪ್ಪು: ಒಂದೇ ಹೆಸರಿನ ಸ್ಕೂಟರ್‌ಗೆ ಎರಡು ಮೂರು ಬ್ಯಾಟರಿ ಸೈಜ್ ಇರುತ್ತವೆ. ಕ್ಯಾಂಪಿಗೆ ಬರುವುದು ಚಿಕ್ಕ ಬ್ಯಾಟರಿಯ ಗಾಡಿ, ಬ್ಯಾನರ್‌ನಲ್ಲಿರುವುದು ದೊಡ್ಡ ಬ್ಯಾಟರಿಯ ಸಂಖ್ಯೆ. ಹೀಗೆ ಬಹಳ ಕಡೆ ಆಗುತ್ತದೆ. ಗಾಡಿಯ ಕಾಗದದಲ್ಲಿ ಬ್ಯಾಟರಿ ಎಷ್ಟು ಕಿಲೋವ್ಯಾಟ್ ಅವರ್ ಅಂತ ನೋಡಿ, ಅದೇ ವೇರಿಯಂಟ್‌ನ ಸಂಖ್ಯೆ ತೆಗೆದುಕೊಳ್ಳಿ.

## 2. ಅಳೆಯಲು ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಕ್ಯಾಂಪ್‌ನಲ್ಲಿ ನಿಲ್ಲಿಸುವ ಅದೇ ಮಾಡೆಲ್‌ನ ಹೊಸ ಗಾಡಿ, ಗಾಳಿ ನೋಡುವ ಗೇಜ್, ಮನುಷ್ಯರನ್ನು ತೂಗುವ ಕಾಟಾ, ಫೋಟೋ ತೆಗೆಯಲು ಫೋನ್, ಒಂದು ನೋಟ್‌ಬುಕ್. ಗೇಜ್ ಇಲ್ಲದಿದ್ದರೆ ಪಂಚರ್ ಅಂಗಡಿಗೆ ಹೋಗಿ ಟೈರ್ ಗಾಳಿ ನೋಡಿಸಿಕೊಳ್ಳಿ. ಎಷ್ಟು ಇರಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ಗಾಳಿ ಕಡಿಮೆಯಿದ್ದರೆ ಅಳತೆಯೇ ಕೆಡುತ್ತದೆ. ಇನ್ನೂ ಜಾಸ್ತಿ ಓಡಲಿ ಅಂತ ಹೇಳಿದ್ದಕ್ಕಿಂತ ಹೆಚ್ಚು ತುಂಬಿಸಿದರೂ ಅದು ಮೋಸದ ಅಳತೆ.

ಡೆಮೊ ಗಾಡಿಯೊಂದನ್ನೇ ಎರಡು ವರ್ಷದಿಂದ ಓಡಿಸುತ್ತಿದ್ದರೆ ಅದರಲ್ಲಿ ಅಳೆಯಬೇಡಿ. ಬ್ಯಾಟರಿ ಸವೆದಂತೆ ರೇಂಜ್ ನಿಧಾನಕ್ಕೆ ಇಳಿಯುತ್ತದೆ. ಹೊಸ ಗಾಡಿಯಲ್ಲೇ ಅಳೆಯಿರಿ, ಕ್ಯಾಪ್ಶನ್‌ನಲ್ಲೂ "ಹೊಸ ಗಾಡಿ" ಅಂತಲೇ ಬರೆಯಿರಿ.

## 3. ಎರಡು ಬಗೆಯ ಓಟ ಓಡಿಸಿ

ಒಂದೇ ಓಟ ಸಾಲದು. ಬಾಗಲಕೋಟೆಯಲ್ಲಿ ಸ್ಕೂಟರ್ ಕೊಳ್ಳುವವರಲ್ಲಿ ಎರಡು ಗುಂಪು ಎದ್ದು ಕಾಣುತ್ತದೆ. ಒಬ್ಬರೇ ಆಫೀಸಿಗೆ, ಕಾಲೇಜಿಗೆ, ಸಂತೆಗೆ ಊರೊಳಗೆ ಓಡಾಡುವವರು ಒಂದು. ಇಬ್ಬರು ಕೂತು ಹೆದ್ದಾರಿ ಹಿಡಿದು ಪಕ್ಕದ ಊರಿಗೆ ಹೋಗಿ ಬರುವವರು ಇನ್ನೊಂದು. ಎರಡಕ್ಕೂ ಒಂದೊಂದು ಓಟ.

ಊರೊಳಗಿನ ಓಟವನ್ನು ನಾವು ನವನಗರದಿಂದ ಶುರು ಮಾಡಿದೆವು. ವಿದ್ಯಾಗಿರಿ ದಾಟಿ ಹಳೇ ಬಾಗಲಕೋಟೆಯ ಪೇಟೆಯೊಳಗೆ ಹೊಕ್ಕು, ಅದೇ ದಾರಿಯಲ್ಲಿ ವಾಪಸ್. ಹೀಗೆ ಸುತ್ತು ಸುತ್ತಿ ಓಡಿಸಿದೆವು. ಸವಾರ ಒಬ್ಬರೇ, ಹೆಲ್ಮೆಟ್ ಸೇರಿ 68 ಕಿಲೋ. ಇಕೋ ಮೋಡ್. ವೇಗ 40 ದಾಟಲಿಲ್ಲ. ಇನ್ನೊಂದು ಓಟ ಗದ್ದನಕೇರಿ ಕ್ರಾಸ್ ಕಡೆಯ ರಸ್ತೆಯಲ್ಲಿ. ಇಬ್ಬರು ಸೇರಿ 134 ಕಿಲೋ, ನಾರ್ಮಲ್ ಮೋಡ್, ರಸ್ತೆ ಖಾಲಿ ಇದ್ದಲ್ಲಿ 55ರ ವೇಗ.

ಹೊರಟ ಜಾಗಕ್ಕೇ ವಾಪಸ್ ಬರಬೇಕು. ಇದನ್ನು ದಯವಿಟ್ಟು ಬಿಡಬೇಡಿ. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಅಥವಾ ರಸ್ತೆ ಇಳಿಜಾರಾಗಿದ್ದರೆ ಸಂಖ್ಯೆ ಸುಮ್ನೆ ಚೆಂದ ಕಾಣುತ್ತದೆ. ನಮ್ಮ ಕಡೆ ಮಳೆಗಾಲದ ಪಡುವಣ ಗಾಳಿ ಎಷ್ಟು ಜೋರು ಅಂತ ಓಡಿಸಿದವರಿಗೆ ಗೊತ್ತು. ಹೋಗಿ ಬಂದರೆ ಅದರ ಏಟು ಸ್ವಲ್ಪ ಸಮ ಆಗುತ್ತದೆ, ಪೂರ್ತಿ ಆಗುವುದಿಲ್ಲ. ಎದುರುಗಾಳಿಯಲ್ಲಿ ಕಳೆದುಕೊಂಡಷ್ಟು ಬೆನ್ನುಗಾಳಿಯಲ್ಲಿ ಸಿಗುವುದಿಲ್ಲ. ಗಾಳಿ ತೀರಾ ಜೋರಿದ್ದ ದಿನ ಅಳೆದಿದ್ದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ.

ರಾತ್ರಿ ಪೂರ್ತಿ ಚಾರ್ಜ್ ಮಾಡಿ. ಬೆಳಿಗ್ಗೆ ಹೊರಡುವಾಗ ಡ್ಯಾಶ್‌ನ ಫೋಟೋ ತೆಗೆಯಿರಿ. ಬ್ಯಾಟರಿ ಪರ್ಸೆಂಟ್, ಓಡಿದ ಒಟ್ಟು ಕಿಲೋಮೀಟರ್, ಮೋಡ್, ಸಮಯ, ನಾಲ್ಕೂ ಕಾಣಬೇಕು. 100ರಿಂದ 40 ಪರ್ಸೆಂಟ್‌ಗೆ ಇಳಿಯುವ ತನಕ ಓಡಿಸಿ, ಮತ್ತೆ ಫೋಟೋ. ಮಾರನೇ ದಿನ ಅದೇ ಸವಾರ, ಅದೇ ದಾರಿ, ಅದೇ ಹೊತ್ತು, ಇನ್ನೊಂದು ಸಲ. ಎರಡು ಗಾಡಿ ಇದ್ದರೆ ಎರಡೂ ಬಗೆಯ ಓಟ ಎರಡು ದಿನದಲ್ಲಿ ಮುಗಿಯುತ್ತದೆ. ಒಂದೇ ಇದ್ದರೆ ನಾಲ್ಕು ದಿನ ಹಿಡಿಯುತ್ತದೆ.

ಎಚ್ಚರಿಕೆಯ ಗುರುತು: 100ರಿಂದ 80ಕ್ಕೆ ಬಂದಾಗಲೇ ನಿಲ್ಲಿಸಿ ಐದರಿಂದ ಗುಣಿಸುವವರಿದ್ದಾರೆ. ಹಾಗೆ ಮಾಡಬೇಡಿ. ಪರ್ಸೆಂಟ್ ಎಲ್ಲಾ ಕಡೆ ಒಂದೇ ಸಮ ಇಳಿಯುವುದಿಲ್ಲ. ಕೆಲವು ಗಾಡಿಗಳಲ್ಲಿ ಮೊದಲ ಹತ್ತು ಪರ್ಸೆಂಟ್ ನಿಧಾನಕ್ಕೆ ಇಳಿದು, ಆಮೇಲೆ ಜೋರಾಗಿ ಇಳಿಯುತ್ತದೆ. ಕಡೇ ಪಕ್ಷ 60 ಪರ್ಸೆಂಟ್ ಖರ್ಚಾಗುವ ತನಕ ಓಡಿಸಿದರೆ ಈ ಏರುಪೇರು ತೂಗಿಹೋಗುತ್ತದೆ.

## 4. ಲೆಕ್ಕ: 20 ಪರ್ಸೆಂಟ್ ಬಿಟ್ಟು, ಕೆಳಕ್ಕೆ ಇಳಿಸಿ

ನಮ್ಮ ಅಳತೆ ಹೀಗೆ ಬಂತು. ಊರೊಳಗಿನ ಓಟದಲ್ಲಿ ಮೊದಲ ದಿನ 60 ಪರ್ಸೆಂಟ್‌ಗೆ 54 ಕಿ.ಮೀ., ಎರಡನೇ ದಿನ 51 ಕಿ.ಮೀ. ಕಡಿಮೆ ಬಂದದ್ದನ್ನು ಹಿಡಿದೆವು. 51ನ್ನು 60ರಿಂದ ಭಾಗಿಸಿದರೆ ಒಂದು ಪರ್ಸೆಂಟ್‌ಗೆ 0.85 ಕಿ.ಮೀ.

ಇದನ್ನು ನೇರವಾಗಿ 100ರಿಂದ ಗುಣಿಸಿ 85 ಅಂತ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಬ್ಯಾಟರಿ ಸೊನ್ನೆಗೆ ಬರುವ ತನಕ ಯಾರಾದರೂ ಗಾಡಿ ಓಡಿಸುತ್ತಾರಾ? 20ಕ್ಕೆ ಬಂದಾಗಲೇ ಎದೆ ಡವಡವ ಅನ್ನುತ್ತದೆ. ಹಲವು ಸ್ಕೂಟರ್‌ಗಳು ಕೊನೆಯ ಪರ್ಸೆಂಟ್‌ಗಳಲ್ಲಿ ತಾವೇ ವೇಗ ತಗ್ಗಿಸಿಬಿಡುತ್ತವೆ. ಅದಕ್ಕೇ 80ರಿಂದ ಗುಣಿಸಿದೆವು: 0.85 × 80 = 68 ಕಿ.ಮೀ. ಐದರ ಮಗ್ಗಿಯಲ್ಲಿ ಕೆಳಕ್ಕೆ ಇಳಿಸಿದರೆ 65.

ಇಬ್ಬರ ಓಟದಲ್ಲಿ ಮೊದಲ ದಿನ 60 ಪರ್ಸೆಂಟ್‌ಗೆ 39 ಕಿ.ಮೀ., ಎರಡನೇ ದಿನ 37.2 ಕಿ.ಮೀ. ಕಡಿಮೆಯದ್ದರ ಪ್ರಕಾರ ಒಂದು ಪರ್ಸೆಂಟ್‌ಗೆ 0.62 ಕಿ.ಮೀ. 80 ಪರ್ಸೆಂಟ್‌ಗೆ 49.6. ಡೀಲರ್ ಅಣ್ಣ ಇದನ್ನು ನೋಡಿ, "ಐವತ್ತ ಅಂತ ಬರೀರಿ, ಅರ್ಧ ಕಿಲೋಮೀಟರ್‌ನಾಗ ಏನ್ ಹೋಗೂದೈತಿ?" ಅಂದರು. ನಾನು ಒಪ್ಪಲಿಲ್ಲ. ಐವತ್ತು ಅಂತ ಓದಿದವರು ಐವತ್ತು ಕಿ.ಮೀ. ದೂರದ ಕೆಲಸಕ್ಕೇ ಗಾಡಿ ತೆಗೆದುಕೊಳ್ಳುತ್ತಾರೆ. ಅವರ ತೂಕ ನಮ್ಮವರಿಗಿಂತ ಹತ್ತು ಕಿಲೋ ಹೆಚ್ಚಿರಬಹುದು, ಅವತ್ತು ಗಾಳಿ ಎದುರಿಗಿರಬಹುದು. 45 ಅಂತ ಬರೆದೆವು.

ಹೀಗೆ 123 ಅನ್ನುವ ಒಂದು ಸಂಖ್ಯೆಯ ಜಾಗದಲ್ಲಿ 65 ಮತ್ತು 45 ಅನ್ನುವ ಎರಡು ಸಂಖ್ಯೆ ಬಂದು ಕೂತವು. ಮೊದಲ ಸಲ ನೋಡಿದಾಗ ಡೀಲರ್ ಮುಖ ಸಪ್ಪಗಾಗುತ್ತದೆ. ಅದನ್ನು ಸರಿಮಾಡುವುದು ಮುಂದಿನ ಹಂತದ ಕೆಲಸ.

## 5. ಸಾಲು ಬರೆಯುವ ಕ್ರಮ

ಸರ್ಟಿಫೈಡ್ ಸಂಖ್ಯೆಯನ್ನು ಬಚ್ಚಿಡಬೇಕಾಗಿಲ್ಲ. ಪಕ್ಕದ ಶೋರೂಮ್‌ನವರೂ ಅದನ್ನೇ ಬರೆಯುತ್ತಾರೆ. ಗಿರಾಕಿ ಎರಡು ಗಾಡಿ ಹೋಲಿಸಿ ನೋಡಲು ಅದು ಬೇಕೇ ಬೇಕು, ಯಾಕೆಂದರೆ ಎಲ್ಲ ಗಾಡಿಗೂ ಪರೀಕ್ಷೆ ಒಂದೇ. ಆದರೆ ಅದು ಎರಡನೇ ಜಾಗದಲ್ಲಿರಲಿ, ಅದರ ಹೆಸರಿನ ಜೊತೆಗಿರಲಿ. ಮೊದಲ ಜಾಗ ನಮ್ಮೂರ ಅಳತೆಗೆ.

ಷರತ್ತು ಸಂಖ್ಯೆಗಿಂತ ಮುಂಚೆ ಬರಬೇಕು. ಕನ್ನಡದ ವಾಕ್ಯಕ್ಕೆ ಇದು ಸಹಜವಾಗಿಯೇ ಒಗ್ಗುತ್ತದೆ. "ಒಬ್ಬರೇ, ಊರೊಳಗೆ, 40ರ ಒಳಗೆ ಓಡಿಸಿದರೆ 65 ಕಿ.ಮೀ." ಅಂದಾಗ ಓದುವವರು ಸಂಖ್ಯೆಗೆ ಬರುವಷ್ಟರಲ್ಲಿ "ಇದು ನನ್ನ ಓಟವಾ?" ಅಂತ ಯೋಚಿಸಿ ಆಗಿರುತ್ತದೆ. ಸಂಖ್ಯೆ ಮೊದಲು ಬಂದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಉಳಿದದ್ದನ್ನು ಯಾರೂ ಓದುವುದಿಲ್ಲ.

ಎಷ್ಟು ಷರತ್ತು ಬರೆಯಬೇಕು? ಎಷ್ಟು ಜನ, ಯಾವ ರಸ್ತೆ, ಎಷ್ಟು ವೇಗ, ಯಾವ ಮೋಡ್. ಸಂಖ್ಯೆಯನ್ನು ತುಂಬಾ ಅಲ್ಲಾಡಿಸುವುದು ಈ ನಾಲ್ಕು. ಟೈರ್ ಗಾಳಿ, ತೂಕ, ತಾರೀಖು ಕೊನೆಯ ಒಂದು ಸಾಲಿನಲ್ಲಿ ಸೇರಲಿ. ನಾವು ಕೊನೆಗೆ ಹಾಕಿದ ಕ್ಯಾಪ್ಶನ್ ಇದು:

> ಚಾರ್ಜ್ ಫುಲ್ ಮಾಡಿ ಹೊರಟು, 20% ಉಳಿದಿರುವಾಗ ನೋಡಿದರೆ:
> ಒಬ್ಬರೇ, ಬಾಗಲಕೋಟೆ ಊರೊಳಗೆ, ಇಕೋ ಮೋಡ್, ವೇಗ 40ರ ಒಳಗೆ: ಸುಮಾರು 65 ಕಿ.ಮೀ.
> ಇಬ್ಬರು, ಗದ್ದನಕೇರಿ ಕ್ರಾಸ್ ರಸ್ತೆ, ನಾರ್ಮಲ್ ಮೋಡ್, ವೇಗ 55: ಸುಮಾರು 45 ಕಿ.ಮೀ.
> ಕಂಪನಿಯ ಸರ್ಟಿಫೈಡ್ ರೇಂಜ್ (ಐಡಿಸಿ ಪರೀಕ್ಷೆ): 123 ಕಿ.ಮೀ.
> ಹೊಸ ಗಾಡಿಯಲ್ಲಿ ಫೆಬ್ರುವರಿಯಲ್ಲಿ ನಾವೇ ಓಡಿಸಿ ಅಳೆದದ್ದು. ಒಬ್ಬರ ತೂಕ 68 ಕಿಲೋ, ಇಬ್ಬರದ್ದು 134 ಕಿಲೋ. ಟೈರ್ ಗಾಳಿ ಕಂಪನಿ ಹೇಳಿದಷ್ಟು. ನಿಮ್ಮ ದಿನದ ಓಟ ಎಷ್ಟು? ಬಂದು ಹೇಳಿ, ಓಡಿಸಿ ನೋಡಿ.

ಕೊನೆಯ ಪ್ರಶ್ನೆಯನ್ನು ಬೇಕಂತಲೇ ಇಟ್ಟಿದ್ದೇವೆ. "ಆವರೇಜ್ ಎಷ್ಟ ಕೊಡತೈತಿ?" ಅಂತ ಕೇಳಲು ಬರುವವರು ತಮ್ಮ ದಿನದ ಓಟವನ್ನು ಲೆಕ್ಕ ಹಾಕಿಕೊಂಡೇ ಬರುತ್ತಾರೆ. ದಿನಕ್ಕೆ 30 ಕಿ.ಮೀ. ಓಡಿಸುವವರಿಗೆ 45 ಕಡಿಮೆ ಅನ್ನಿಸುವುದಿಲ್ಲ, ಧೈರ್ಯ ಕೊಡುತ್ತದೆ.

ಕೆಲವು ಮಾತುಗಳನ್ನು ನಾನು ಕಂಡ ಕೂಡಲೇ ಹೊಡೆದು ಹಾಕುತ್ತೇನೆ. ಒಂಟಿಯಾಗಿ ನಿಂತ "ವರೆಗೆ" ಅದರಲ್ಲಿ ಮೊದಲನೆಯದು. "123 ಕಿ.ಮೀ. ವರೆಗೆ" ಅಂದರೆ 40 ಕಿ.ಮೀ. ಬಂದರೂ ಸುಳ್ಳಾಗುವುದಿಲ್ಲ, ಅಂದಮೇಲೆ ಅದು ಏನನ್ನೂ ಹೇಳಲಿಲ್ಲ ಅಂತಲೇ ಅರ್ಥ. "ಗ್ಯಾರಂಟಿ" ಬೇಡ. "ಪೆಟ್ರೋಲ್ ಗಾಡಿಯಷ್ಟೇ ದೂರ" ಬೇಡ. "67.8 ಕಿ.ಮೀ." ಅಂತ ಬಿಂದು ಹಾಕಿ ಬರೆಯುವುದೂ ಬೇಡ. ಎರಡು ದಿನ ಓಡಿಸಿದ ಅಳತೆಗೆ ಅಷ್ಟು ನಿಖರತೆ ಇಲ್ಲ, ಇದೆ ಅಂತ ತೋರಿಸಬಾರದು.

## 6. ಅಕ್ಷರದ ಗಾತ್ರ, ಸಾಲಿನ ಜಾಗ

2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ನಮಗೆ ಬೇಕಾದದ್ದು ಇಷ್ಟು: ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಹೇಳಿಕೆಗೆ ಬಳಸಿದ ಫಾಂಟೇ ಷರತ್ತಿಗೂ ಇರಬೇಕು. ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ದಾರಿ ತಪ್ಪಿಸುವ ಹೇಳಿಕೆಯೊಂದನ್ನು ಬರೆದು, ಅದನ್ನು ಷರತ್ತಿನಲ್ಲಿ ಸರಿಪಡಿಸಲು ಹೋಗುವಂತಿಲ್ಲ. ಅಂದರೆ ಮೇಲೆ ಕನ್ನಡದಲ್ಲಿ 123 ಅಂತ ಬರೆದು, ಕೆಳಗೆ ಚಿಕ್ಕದಾಗಿ ಇಂಗ್ಲಿಷ್‌ನಲ್ಲಿ ಷರತ್ತು ಹಾಕುವ ನಮ್ಮ ಹಳೇ ಚಾಳಿ ಅಲ್ಲಿಗೇ ತಪ್ಪಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿ ತನಕ ದಂಡ ಹಾಕಬಹುದು.

ಬ್ಯಾನರ್ ಪ್ರೂಫ್ ಬಂದಾಗ ನಾನು ಮಾಡುವ ಪರೀಕ್ಷೆ ಸರಳ. ಅದನ್ನು ಗೋಡೆಗೆ ಆನಿಸಿ, ರಸ್ತೆಯ ಆ ಬದಿಗೆ ಹೋಗಿ ನಿಲ್ಲುತ್ತೇನೆ. 65 ಕಾಣುವ ಕಡೆಯಿಂದ "ಒಬ್ಬರೇ" ಅನ್ನುವುದೂ ಓದಲು ಬರಬೇಕು. ಬರದಿದ್ದರೆ ಪ್ರೂಫ್ ವಾಪಸ್. ಡಿಸೈನ್ ಮಾಡುವ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಅಂಕಿಯನ್ನು ಹಳದಿಯಲ್ಲಿ ಇಷ್ಟುದ್ದ ಮಾಡಿ, ಉಳಿದದ್ದನ್ನು ಬೂದು ಬಣ್ಣದಲ್ಲಿ ಮುಳುಗಿಸಿಬಿಡುತ್ತಾರೆ.

ಇನ್‌ಸ್ಟಾಗ್ರಾಮ್‌ನಲ್ಲಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಷ್ಟ ಬೇರೆ. ಅಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಮಡಚಿಕೊಳ್ಳುತ್ತದೆ. ಆದ್ದರಿಂದ ಮೊದಲ ಸಾಲಿನಲ್ಲಿ ಒಂದೇ ಸಂಖ್ಯೆ ಹಾಕಲು ಜಾಗವಿದ್ದರೆ 45 ಹಾಕಿ: "ಇಬ್ಬರು ಕೂತು ಹೆದ್ದಾರಿಯಲ್ಲಿ 55ರಲ್ಲಿ ಹೋದರೂ 45 ಕಿ.ಮೀ., ಇನ್ನೂ 20% ಉಳಿದಿರುತ್ತದೆ." ಕಡಿಮೆಯದ್ದನ್ನು ಮುಂದೆ ಇಟ್ಟರೆ, ಮಡಚಿದ್ದನ್ನು ಬಿಡಿಸಿ ಓದದವರಿಗೂ ಮೋಸವಾಗುವುದಿಲ್ಲ. ಹಾಕಿದ ಮೇಲೆ ಬೇರೆಯವರ ಫೋನ್ ಇಸಿದುಕೊಂಡು, ಎಲ್ಲಿ ಮಡಚಿಕೊಂಡಿದೆ ಅಂತ ಒಮ್ಮೆ ನೋಡಿ.

## 7. ಕ್ಯಾಂಪಿನ ದಿನ

ಕ್ಯಾಪ್ಶನ್ ಸರಿ ಇದ್ದರೂ ಕ್ಯಾಂಪಿನ ಬೆಳಿಗ್ಗೆ ಎರಡು ಕಡೆ ಕೆಡುತ್ತದೆ.

ಒಂದು, ಡ್ಯಾಶ್ ತೋರಿಸುವ ಸಂಖ್ಯೆ. ಹೆಚ್ಚಿನ ಗಾಡಿಗಳು "ಇನ್ನು ಇಷ್ಟು ಕಿ.ಮೀ. ಹೋಗಬಹುದು" ಅನ್ನುವುದನ್ನು ಈಚಿನ ಓಟ ಮತ್ತು ಮೋಡ್ ನೋಡಿ ಅಂದಾಜು ಮಾಡುತ್ತವೆ. ಬೆಳಿಗ್ಗೆ ಶೋರೂಮ್ ಹುಡುಗ ನಿಧಾನಕ್ಕೆ ಇಕೋದಲ್ಲಿ ತಂದು ನಿಲ್ಲಿಸಿದ್ದರೆ ಅದು 100ರ ಹತ್ತಿರ ತೋರಿಸುತ್ತದೆ. ನಾಲ್ಕು ಜನ ಜೋರಾಗಿ ಓಡಿಸಿದ ಮೇಲೆ ದಡಕ್ಕನೆ ಕೆಳಗಿಳಿಯುತ್ತದೆ. ಬಂದವರು ಮೊದಲ ಸಂಖ್ಯೆಯ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಗಾಡಿ ಕೊಡುವಾಗಲೇ ಹೇಳಿ: "ಇದು ಅಂದಾಜ್ ರೀ, ನೀವ್ ಹೆಂಗ್ ಓಡಸ್ತೀರಿ ಅದರ ಮ್ಯಾಲೆ ಬದಲಾಗತೈತಿ. ಬ್ಯಾನರ್ ಮ್ಯಾಗಿಂದು ನಾವು ಓಡಿಸಿ ನೋಡಿದ್ದು."

ಇನ್ನೊಂದು, ಮಾರುವ ಹುಡುಗರ ಬಾಯಿ. ಬ್ಯಾನರ್‌ನಲ್ಲಿ 45 ಇದ್ದು, ಬಾಯಲ್ಲಿ "ಅಣ್ಣಾ, ಆರಾಮ ನೂರು ದಾಟತೈತಿ" ಅಂತ ಬಂದರೆ ನಾಲ್ಕು ದಿನದ ಕೆಲಸ ನೀರಲ್ಲಿ ಹೋಮ. ಹಿಂದಿನ ಸಂಜೆ ಅವರನ್ನು ಕೂರಿಸಿಕೊಂಡು ಫೋಟೋ, ನೋಟ್‌ಬುಕ್ ಎರಡನ್ನೂ ತೋರಿಸಿ. ಆಗಿದ್ದರೆ ಅವರನ್ನೇ ಒಂದು ಸುತ್ತು ಅಳತೆಯ ಓಟಕ್ಕೆ ಕಳಿಸಿ. ನಮ್ಮ ಕ್ಯಾಂಪಿನಲ್ಲಿ ಇಬ್ಬರ ಓಟಕ್ಕೆ ಹಿಂದೆ ಕೂತಿದ್ದ ಹುಡುಗನೇ ಮಾರನೇ ದಿನ ಎಲ್ಲರಿಗಿಂತ ಚೆನ್ನಾಗಿ ವಿವರಿಸಿದ. ಪರ್ಸೆಂಟ್ ಎಲ್ಲೆಲ್ಲಿ ಎಷ್ಟಿತ್ತು ಅಂತ ಅವನು ಕಣ್ಣಾರೆ ನೋಡಿದ್ದ.

ಆ ನೋಟ್‌ಬುಕ್ ಮೇಜಿನ ಮೇಲೇ ಇರಲಿ. ಬಂದವರ ತೂಕ, ಹೋಗುವ ಊರು, ದಿನದ ಕಿ.ಮೀ. ಕೇಳಿ, ಎರಡು ಓಟಗಳಲ್ಲಿ ಯಾವುದಕ್ಕೆ ಹತ್ತಿರ ಅಂತ ತೋರಿಸಿ. ಇಬ್ಬರ ಓಟಕ್ಕಿಂತ ಭಾರ ಜಾಸ್ತಿ ಇದ್ದರೆ, ಹಿಂದೆ ಹೆಂಡತಿ, ಮುಂದೆ ಬಟ್ಟೆಯ ಗಂಟು ಅಂತ ಯಾರಾದರೂ ಹೇಳಿದರೆ, 45ಕ್ಕಿಂತಲೂ ಕಡಿಮೆ ಬರುತ್ತದೆ ಅಂತ ಬಾಯಿಬಿಟ್ಟು ಹೇಳಿ. ದಿನದ ಓಟ ಅದರ ಹತ್ತಿರಕ್ಕೆ ಬಂದರೆ, ನಡುವೆ ಎಲ್ಲಿ ಚಾರ್ಜ್ ಹಾಕುತ್ತೀರಿ ಅನ್ನುವ ಪ್ರಶ್ನೆಯನ್ನು ಗಾಡಿ ಬುಕ್ ಮಾಡುವ ಮುಂಚೆಯೇ ಕೇಳಿ.

ಫೆಬ್ರುವರಿಯ ಅಳತೆಯನ್ನು ಮಳೆಗಾಲದ ಕ್ಯಾಂಪಿಗೆ ಹಾಗೇ ಎತ್ತಿ ಹಾಕಬೇಡಿ. ಜೂನ್‌ನಲ್ಲಿ ಗಾಳಿ ಎದ್ದ ಮೇಲೆ ಗದ್ದನಕೇರಿ ರಸ್ತೆಯ ಓಟವನ್ನಾದರೂ ಇನ್ನೊಮ್ಮೆ ಓಡಿಸಿ, ಸಂಖ್ಯೆಯನ್ನೂ ತಿಂಗಳನ್ನೂ ಬದಲಾಯಿಸಿ ಪ್ರಿಂಟ್ ಮಾಡಿಸಿ.